ಹದಿನಾರು ಅಡಿಯ ಪರದೆಯ ಮೇಲೆ ಹಳ್ಳಿಯ ಬೀದಿ: ಒಂದು ಮೊಳೆ, ಒಂದು ನೂಲು, ನೂರ ಅರವತ್ತು ಚೌಕ

ನಮ್ಮ ಕಾಸರಗೋಡಿನ ಕಡೆ ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ಹಿಂದಿನ ಪರದೆ ಬೇಕಾದರೆ ಈಗ ಹೆಚ್ಚಿನವರು ಫ್ಲೆಕ್ಸ್ ಹೊಡೆಸುತ್ತಾರೆ. ಫ್ಲೆಕ್ಸ್ ಮೇಲೆ ಲೈಟು ಬಿದ್ದರೆ ಹೊಳೆಯುತ್ತದೆ, ಚಿತ್ರ ಮಾಯವಾಗುತ್ತದೆ. ಕೋರಾ ಬಟ್ಟೆಯ ಮೇಲೆ ಕೈಯಿಂದ ಬರೆದ ಬೀದಿ ಹಾಗಲ್ಲ, ಅದು ಬೆಳಕನ್ನು ಹೀರಿಕೊಂಡು ಮಕ್ಕಳ ಹಿಂದೆ ಸುಮ್ಮನೆ ನಿಲ್ಲುತ್ತದೆ. ಯು.ಪಿ. ಶಾಲೆಯ ಮಕ್ಕಳ ನಾಟಕಕ್ಕೆ 16 ಅಡಿ ಅಗಲ, 10 ಅಡಿ ಎತ್ತರದ ಪರದೆಯೊಂದನ್ನು ನಾನು ಬರೆಯುವ ಕ್ರಮವನ್ನು ಇಲ್ಲಿ ಅಳತೆ ಸಮೇತ ಹೇಳುತ್ತೇನೆ. ನಿಮ್ಮ ವೇದಿಕೆ ಬೇರೆ ಅಳತೆಯದಾದರೂ ಲೆಕ್ಕದ ದಾರಿ ಇದೇ.

ಮೊದಲಿಗೆ ಬೀದಿ ಯಾವುದೆಂದು ನಿಶ್ಚಯಿಸಬೇಕು. ಬಯಲುಸೀಮೆಯ ಹಳ್ಳಿಯಲ್ಲಿ ಮನೆಗೆ ಮನೆ ಅಂಟಿಕೊಂಡ ಕೇರಿ ಇರುತ್ತದೆ. ನಮ್ಮಲ್ಲಿ ಹಾಗಿಲ್ಲ. ಮನೆಗಳು ಅಡಿಕೆ ತೋಟದ ನಡುವೆ ಒಂದೊಂದಾಗಿ ಕೂತಿವೆ. ಸಾಲು ಕಟ್ಟಡ ಕಾಣಬೇಕಾದರೆ ಪೆರ್ಲ, ಬದಿಯಡ್ಕ, ನೀರ್ಚಾಲಿನಂಥ ಪೇಟೆಯ ಹಳೇ ಅಂಗಡಿಗಳನ್ನೇ ನೆನಪಿಸಿಕೊಳ್ಳಬೇಕು: ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಜಗಲಿ, ಹಲಗೆ ಬಾಗಿಲು, ಹಿಂದೆ ಕಂಗು, ಅದರಾಚೆ ಗುಡ್ಡೆ. ನಾನು ಬರೆಯುವುದು ಅದನ್ನೇ. ಕಥೆ ತೀರಾ ಹಳೆಯ ಕಾಲದ್ದಾದರೆ ಮಾತ್ರ ಒಂದು ಎಚ್ಚರ ಬೇಕು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚು ಮಾಡಲು ತೊಡಗಿದ್ದು 1865ರಲ್ಲಿ. ಅದಕ್ಕೂ ಹಿಂದಿನ ಕಥೆಗೆ ಮುಳಿಹುಲ್ಲಿನ ಮಾಡು ಬರೆಯಿರಿ.

ಬಟ್ಟೆ ಸಿದ್ಧ ಮಾಡುವುದು

ಕೋರಾ ಬಟ್ಟೆಯ ಹೊಲಿಗೆ ಅಡ್ಡಕ್ಕೆ ಬರಲಿ, ಉದ್ದಕ್ಕೆ ಬೇಡ. ಉದ್ದದ ಹೊಲಿಗೆ ಬೆಳಕಿಗೆ ಕಂಬದ ಹಾಗೆ ಎದ್ದು ಕಾಣುತ್ತದೆ. ಹೊಸ ಬಟ್ಟೆ ಒದ್ದೆಯಾದರೆ ಕುಗ್ಗುತ್ತದೆ. ಆದ್ದರಿಂದ ಸುತ್ತ ಅರ್ಧ ಅಡಿ ಹೆಚ್ಚು ಬಟ್ಟೆ ಇಟ್ಟುಕೊಂಡು, ಮರದ ಚೌಕಟ್ಟಿಗೆ ಎಳೆದು ಮೊಳೆ ಹೊಡೆದು, ಮೊದಲು ಅಂಟು ನೀರು ಹಚ್ಚಿ ಒಣಗಿಸಿ. ಒಂದು ಲೋಟ ಫೆವಿಕಾಲಿಗೆ ಹತ್ತು ಲೋಟ ನೀರು ಸಾಕು. ಮೈದಾ ಅಂಟು ಹಚ್ಚುವ ರೂಢಿಯೂ ಇದೆ, ಆದರೆ ನಮ್ಮ ಮಳೆಗಾಲದಲ್ಲಿ ಅದಕ್ಕೆ ಬೂಸಲು ಹಿಡಿಯುತ್ತದೆ, ಜಿರಳೆಯೂ ಬರುತ್ತದೆ. ಒಣಗಿದ ಮೇಲೆ ಬಿಳಿ ಎಮಲ್ಶನ್ನಿಗೆ ಸಮಪಾಲು ನೀರು ಬೆರೆಸಿ ತೆಳ್ಳಗೆ ಒಂದು ಕೋಟು. ಇದೆಲ್ಲ ಮುಗಿದ ಮೇಲೆಯೇ ಚೌಕ ಹಾಕಬೇಕು. ಮೊದಲೇ ಹಾಕಿದರೆ ಬಟ್ಟೆ ಕುಗ್ಗಿದಾಗ ಚೌಕಗಳೆಲ್ಲ ಸೊಟ್ಟಗಾಗುತ್ತವೆ.

ಚೌಕಟ್ಟನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಬರೆಯುವುದೇ ಒಳ್ಳೆಯದು. ನೆಲದಲ್ಲಿ ಹಾಸಿ ಬರೆಯುವಾಗ ನಾವು ಒಂದು ಬದಿಯಿಂದ ನೋಡುತ್ತಿರುತ್ತೇವೆ, ಆಚೆ ಬದಿ ತಾನಾಗಿಯೇ ಚಿಕ್ಕದಾಗಿ ಕಾಣುತ್ತದೆ, ಕೈ ಅದನ್ನು ಸರಿಪಡಿಸಲು ಹೋಗಿ ತಪ್ಪು ಗೆರೆ ಎಳೆಯುತ್ತದೆ.

ಚೌಕ

ಎ3 ಹಾಳೆಯಲ್ಲಿ 16 ಇಂಚು ಅಗಲ, 10 ಇಂಚು ಎತ್ತರದ ಚೌಕಟ್ಟು ಸರಿಯಾಗಿ ಹಿಡಿಸುತ್ತದೆ. ಅದರಲ್ಲಿ ಇಂಚಿಗೊಂದು ಗೆರೆ ಎಳೆಯಿರಿ. ಬಟ್ಟೆಯ ಮೇಲೆ ಅಡಿಗೊಂದು ಗೆರೆ. ಹಾಳೆಯ ಒಂದು ಇಂಚು ಬಟ್ಟೆಯ ಒಂದು ಅಡಿ, ಬೇರೆ ಲೆಕ್ಕ ಬೇಡ. ಎಡದಿಂದ ಬಲಕ್ಕೆ 0ಯಿಂದ 16ರವರೆಗೆ, ಕೆಳಗಿನಿಂದ ಮೇಲಕ್ಕೆ 0ಯಿಂದ 10ರವರೆಗೆ ಅಂಚಿನಲ್ಲಿ ಅಂಕೆ ಬರೆಯಿರಿ. ಎರಡೂ ಕಡೆ ಅಂಕೆ ಇದ್ದರೆ ಸಹಾಯಕ್ಕೆ ಬಂದ ಮಕ್ಕಳು ದಾರಿ ತಪ್ಪುವುದಿಲ್ಲ.

ಗೆರೆ ಹಾಕಲು ಸ್ಕೇಲು ಬೇಡ, ನೂಲು ಸಾಕು. ಹತ್ತಿಯ ನೂಲಿಗೆ ಇದ್ದಿಲ ಪುಡಿ ಉಜ್ಜಿ, ಇಬ್ಬರು ಎರಡು ತುದಿ ಬಿಗಿ ಹಿಡಿದು, ನಡುವಿನಲ್ಲಿ ಎಳೆದು ಬಿಟ್ಟರೆ ನೇರ ಗೆರೆ ಬೀಳುತ್ತದೆ. ಬೇಡವಾದಾಗ ಒಣ ಬಟ್ಟೆಯಿಂದ ಕೊಡವಿದರೆ ಹೋಗುತ್ತದೆ. ಬಟ್ಟೆಗೆ ಹಾಕುವ ನೀಲಿ ಪುಡಿಯನ್ನು ಉಪಯೋಗಿಸಬೇಡಿ. ಅದು ಬಣ್ಣದ ನೀರಿನಲ್ಲಿ ಕರಗಿ, ಆಕಾಶದ ನಡುವೆ ಚೌಕ ಚೌಕವಾಗಿ ಮತ್ತೆ ಎದ್ದು ಬರುತ್ತದೆ.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪೊಂದನ್ನು ಹೇಳಲೇಬೇಕು. ಮೊದಲ ಪರದೆ ಬರೆದಾಗ ಚೌಕ ಇದೆಯಲ್ಲ ಎಂಬ ಧೈರ್ಯದಿಂದ ಇಡೀ ಚಿತ್ರವನ್ನು ಚೌಕದಿಂದ ಚೌಕಕ್ಕೆ ಕೈಯಲ್ಲೇ ನಕಲು ಮಾಡುತ್ತ ಹೋದೆ. ಹತ್ತಿರದಿಂದ ನೋಡಿದಾಗ ಎಲ್ಲವೂ ಸರಿಯಿತ್ತು. ಹಿಂದೆ ಹೋಗಿ ನೋಡಿದರೆ ಮಾಡಿನ ಅಂಚು ಅಲೆ ಅಲೆಯಾಗಿತ್ತು. ಪ್ರತಿ ಚೌಕದಲ್ಲೂ ಅರ್ಧ ಇಂಚು ಆಚೀಚೆಯಾಗಿ, ಏಳು ಅಡಿಯ ಗೆರೆಯಲ್ಲಿ ಏಳು ಕಡೆ ಮುರಿದಿತ್ತು. ವೇದಿಕೆಯ ಚಪ್ಪರ ಕಟ್ಟಲು ಬಂದಿದ್ದ ಆಚಾರಿಯೊಬ್ಬರು ಅದನ್ನು ನೋಡಿ, "ಮಾಷ್ಟ್ರೇ, ಪಕ್ಕಾಸು ಕೂರಿಸುವಾಗ ನಾವು ನೂಲು ಕಟ್ಟುವುದಿಲ್ಲವಾ? ನೀವು ಯಾಕೆ ಕೈಯಲ್ಲಿ ಎಳೆಯುವುದು?" ಎಂದು ಕೇಳಿದರು. ಅಂದಿನಿಂದ ಚೌಕಕ್ಕೆ ನಾನು ಕೊಡುವ ಕೆಲಸ ಎರಡೇ. ಗೆರೆ ಎಲ್ಲಿಂದ ಹೊರಡುತ್ತದೆ ಎಂಬ ಬಿಂದುವನ್ನು ಗುರುತಿಸುವುದು ಒಂದು. ಮರ, ಗುಡ್ಡೆ, ಎತ್ತಿನಂಥ ಬಾಗು ಆಕಾರಗಳನ್ನು ದೊಡ್ಡದು ಮಾಡುವುದು ಇನ್ನೊಂದು. ಉದ್ದದ ನೇರ ಗೆರೆಗಳೆಲ್ಲ ನೂಲಿನ ಪಾಲು.

ದಿಗಂತ ಎಲ್ಲಿ, ಮೊಳೆ ಎಲ್ಲಿ

ಉದ್ದ ಬೀದಿಯಲ್ಲಿ ನಿಂತು ನೋಡಿದರೆ ನಮ್ಮಿಂದ ದೂರ ಸಾಗುವ ಗೆರೆಗಳೆಲ್ಲ, ಜಗಲಿಯ ಅಂಚು, ಮಾಡಿನ ಅಂಚು, ಚರಂಡಿ, ಎಲ್ಲವೂ ಒಂದೇ ಬಿಂದುವಿನ ಕಡೆಗೆ ಓಡುತ್ತವೆ. ಚಿತ್ರಕಲೆಯ ತರಗತಿಯಲ್ಲಿ ಇದನ್ನು ವ್ಯಾನಿಶಿಂಗ್ ಪಾಯಿಂಟ್ ಎನ್ನುತ್ತಾರೆ. ನಾನು ಮಕ್ಕಳಿಗೆ "ಮೊಳೆ" ಎಂದೇ ಹೇಳುತ್ತೇನೆ, ಏಕೆಂದರೆ ಬಟ್ಟೆಯ ಮೇಲೆ ಅಲ್ಲಿ ನಿಜವಾಗಿಯೂ ಒಂದು ಮೊಳೆ ಇರುತ್ತದೆ. ಅದರ ಮೂಲಕ ಹಾದುಹೋಗುವ ಅಡ್ಡಗೆರೆ ದಿಗಂತ, ಅಂದರೆ ನೋಡುವವರ ಕಣ್ಣಿನ ಮಟ್ಟ.

ದಿಗಂತವನ್ನು ಎಷ್ಟು ಎತ್ತರಕ್ಕೆ ಇಡಬೇಕು? ಸಭೆಯಲ್ಲಿ ಕೂತವರ ಕಣ್ಣಿನ ಲೆಕ್ಕ ಹಿಡಿದರೆ ಅದು ವೇದಿಕೆಯ ಹಲಗೆಯಿಂದ ಒಂದಡಿ ಮೇಲೆ ಬರಬಹುದು, ಆಗ ಬೀದಿಯ ನೆಲವೇ ಕಾಣುವುದಿಲ್ಲ. ನಾನು ಪಾತ್ರಧಾರಿಗಳ ಕಣ್ಣಿನ ಮಟ್ಟಕ್ಕೆ ಇಡುತ್ತೇನೆ. ಇಟಲಿಯ ಅಲ್ಬರ್ಟಿ 1435ರಲ್ಲಿ ಈ ವಿಧಾನವನ್ನು ಬರೆದಿಟ್ಟಾಗಲೂ, ಈ ಬಿಂದುವನ್ನು ಚಿತ್ರದಲ್ಲಿರುವ ಮನುಷ್ಯನ ಎತ್ತರಕ್ಕಿಂತ ಮೇಲೆ ಇಡಬೇಡಿ ಎಂದೇ ಹೇಳಿದ್ದಾನೆ. ಬಟ್ಟೆಯ ಮೇಲೆ ಬರೆದವರೂ ಮುಂದೆ ನಿಂತವರೂ ಆಗ ಒಂದೇ ನೆಲದ ಮೇಲೆ ಇದ್ದಂತೆ ಕಾಣುತ್ತಾರೆ. ನಮ್ಮ ಮಕ್ಕಳು ನಾಲ್ಕು ಅಡಿ ನಾಲ್ಕು ಇಂಚಿನ ಆಸುಪಾಸಿನವರು, ಅವರ ಕಣ್ಣು ಸುಮಾರು 4 ಅಡಿಗೆ. ಆದ್ದರಿಂದ ದಿಗಂತ 4ನೇ ಗೆರೆ.

ಮೊಳೆಯನ್ನು ಸರಿಯಾಗಿ ನಡುವಿಗೆ, ಅಂದರೆ 8ಕ್ಕೆ ಹೊಡೆಯಬೇಡಿ. ನಾಟಕದ ಮುಖ್ಯ ಪಾತ್ರ ನಿಲ್ಲುವುದೇ ಅಲ್ಲಿ, ಗೆರೆಗಳೆಲ್ಲ ಅವನ ತಲೆಯಿಂದ ಕಿರಣ ಹೊರಟಂತೆ ಕಾಣುತ್ತವೆ. ದೇವರ ಪಾತ್ರಕ್ಕಾದರೆ ಅದು ಸರಿ, ಅಂಗಡಿಗೆ ಬೆಲ್ಲ ತರಲು ಬಂದ ಹುಡುಗನಿಗೆ ಅಲ್ಲ. ನಾನು ಅಡ್ಡ 7, ಎತ್ತರ 4ರಲ್ಲಿ ಹೊಡೆಯುತ್ತೇನೆ. ಬಟ್ಟೆಯ ಹಿಂದೆ ಅಲ್ಲಿ ಒಂದು ಹಲಗೆ ತುಂಡು ಕೊಟ್ಟು ತೆಳ್ಳಗಿನ ಮೊಳೆ ಹೊಡೆದರೆ ನೂಲು ಎಳೆಯುವಾಗ ಅಲುಗುವುದಿಲ್ಲ. ತೂತು ಬಣ್ಣದಲ್ಲಿ ಮುಚ್ಚಿಹೋಗುತ್ತದೆ.

ನೂಲು ಹೊಡೆಯುವುದು

ಮೊಳೆಗೆ ನೂಲು ಕಟ್ಟಿ, ಇದ್ದಿಲು ಉಜ್ಜಿ, ಇನ್ನೊಂದು ತುದಿಯನ್ನು ಬಟ್ಟೆಯ ಅಂಚಿಗೆ ಒಯ್ದು ಒಂದೊಂದೇ ಗೆರೆ ಹೊಡೆಯಿರಿ. ಎಡದ ಅಂಚಿನಲ್ಲಿ ಈ ಬಿಂದುಗಳು: 0 ಗೋಡೆಯ ಬುಡ, 1 ಜಗಲಿಯ ಮೇಲ್ಮೈ ಗೋಡೆಗೆ ತಾಗುವ ಜಾಗ, 6½ ಬಾಗಿಲಿನ ಮೇಲ್ತುದಿ, 7 ಮಾಡಿನ ಕೆಳ ಅಂಚು, 8 ಮಾಡಿನ ಮೇಲಿನ ಅಂಚು. ಬಲದ ಅಂಚಿನಲ್ಲೂ ಅವೇ ಎತ್ತರಗಳು. ಬುಡದ ಅಂಚಿನಲ್ಲಿ ಜಗಲಿಯ ಮುಖಕ್ಕೆ ಎಡಗಡೆ 2, ಬಲಗಡೆ 14. ಅದೇ 2 ಮತ್ತು 14ರ ಗೆರೆಗಳಲ್ಲಿ ಒಂದಡಿ ಮೇಲಿನಿಂದಲೂ ಒಂದೊಂದು ನೂಲು ಹೊಡೆದರೆ ಜಗಲಿಯ ಮೇಲಂಚು ಸಿಕ್ಕಿತು.

ಈ ಬುಡದ ಗೆರೆಯ ಹತ್ತಿರ ಅಳತೆಗಳೆಲ್ಲ ನಿಜ ಅಳತೆಗಳೇ ಎಂಬುದನ್ನು ಗಮನಿಸಿ. ದಿಗಂತ ನೆಲದಿಂದ ನಿಜವಾಗಿಯೂ 4 ಅಡಿ ಮೇಲಿರುವುದರಿಂದ, ಬಟ್ಟೆಯ ಅಂಚಿನಲ್ಲಿ ಒಂದಡಿ ಎಂದರೆ ಒಂದಡಿಯೇ.

ಮಾಡಿನ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಹಂಚು ಚೆಂದ ಕಾಣಲಿ ಎಂದು ಮಾಡನ್ನು ಮೂರು ಅಡಿ ಅಗಲಕ್ಕೆ ಬರೆದುಬಿಡುತ್ತಾರೆ. ಅದು ತೆಂಗಿನ ಮರ ಹತ್ತಿ ನೋಡಿದ ನೋಟ. ನಾಲ್ಕು ಅಡಿ ಎತ್ತರದ ಕಣ್ಣಿಗೆ ಬೀದಿಯಿಂದ ಮಾಡಿನ ಇಳಿಜಾರು ತೆಳ್ಳಗಿನ ಪಟ್ಟಿಯಾಗಿ ಮಾತ್ರ ಕಾಣುತ್ತದೆ, ಉಳಿದದ್ದನ್ನು ಅದರ ಅಂಚೇ ಮರೆ ಮಾಡುತ್ತದೆ. 7 ಮತ್ತು 8ರ ನಡುವಿನ ಒಂದಡಿಯ ಪಟ್ಟಿ ಅದಕ್ಕೇ. ನಂಬಿಕೆ ಬಾರದಿದ್ದರೆ ಹಂಚಿನ ಅಂಗಡಿಯ ಎದುರು ಮೊಣಕಾಲೂರಿ ಕೂತು ಒಮ್ಮೆ ನೋಡಿ.

ಅಂಗಡಿಗಳನ್ನು ಭಾಗ ಮಾಡುವುದು

ದೂರ ಹೋದಂತೆ ಅಂಗಡಿಗಳು ಕಿರಿದಾಗಬೇಕು, ಸರಿ. ಎಷ್ಟು ಕಿರಿದಾಗಬೇಕು? ಅಂದಾಜಿನಲ್ಲಿ ಹಾಕಿದರೆ ಮೂರನೆಯದು ಎರಡನೆಯದಕ್ಕಿಂತ ದೊಡ್ಡದಾಗಿ ಕೂರುವುದೂ ಉಂಟು. ಇದಕ್ಕೆ ಓರೆಗೆರೆಯ ಉಪಾಯವಿದೆ.

ಎಡ ಅಂಚೇ ಮೊದಲ ಗೋಡೆಯ ಆರಂಭ. 2ರ ಗೆರೆಯಲ್ಲಿ, ಬುಡದ ನೂಲಿನಿಂದ 8ರ ನೂಲಿನವರೆಗೆ ನೆಟ್ಟಗೆ ಒಂದು ಗೆರೆ ಎಳೆಯಿರಿ. ಅಲ್ಲಿಗೆ ಮೊದಲ ಅಂಗಡಿ ಮುಗಿಯಿತು. ಈಗ ಎಡ ಅಂಚಿನ 8ರ ಬಿಂದುವಿನಲ್ಲಿ ನೂಲು ಹಿಡಿದು, 2ರ ಗೆರೆಯ ನಟ್ಟನಡುವಿನ ಮೂಲಕ ಹಾಯಿಸಿ, ಬುಡದ ನೂಲಿಗೆ ಎಲ್ಲಿ ತಾಗುತ್ತದೋ ಅಲ್ಲಿ ಗುರುತು ಹಾಕಿ. ಆ ಗುರುತಿನಿಂದ ನೆಟ್ಟಗೆ ಮೇಲಕ್ಕೆ ಎಳೆದ ಗೆರೆ ಎರಡನೇ ಅಂಗಡಿಯ ಕೊನೆ. ಗೋಡೆ 8 ಅಡಿ, ಕಣ್ಣು 4 ಅಡಿ ಆದ್ದರಿಂದ ಪ್ರತಿ ನೆಟ್ಟಗೆರೆಯ ನಡುವೂ ದಿಗಂತದ ಮೇಲೆಯೇ ಬರುತ್ತದೆ, ನಡು ಹುಡುಕುವ ಕೆಲಸವಿಲ್ಲ. ಮುಂದಿನ ಅಂಗಡಿಗೆ 2ರ ಗೆರೆಯ ಮೇಲ್ತುದಿಯಿಂದ ಇದನ್ನೇ ಮಾಡಿ, ಹಾಗೆಯೇ ಮುಂದಕ್ಕೆ.

ಸರಿಯಾಗಿ ಬಂದಿದೆಯೇ ಎಂದು ನೋಡಲು ನನ್ನ ಅಳತೆಗಳನ್ನು ಇಟ್ಟುಕೊಳ್ಳಿ. ಎಡ ಅಂಚಿನಿಂದ ಗೆರೆಗಳು 2 ಅಡಿಗೆ, 3 ಅಡಿ 1 ಇಂಚು ಚಿಲ್ಲರೆಗೆ, 3 ಅಡಿ 10 ಇಂಚಿಗೆ, 4 ಅಡಿ 4 ಇಂಚಿನ ಹತ್ತಿರ, ಐದನೆಯದು 4 ಅಡಿ 8 ಇಂಚಿಗೆ ಬೀಳಬೇಕು. ಮೊದಲ ಅಂಗಡಿಗೆ 2 ಅಡಿಯನ್ನೇ ಇಟ್ಟದ್ದಕ್ಕೂ ಕಾರಣವಿದೆ. ಎಂಟು ಅಡಿ ಉದ್ದದ ಅಂಗಡಿಯನ್ನು ಇಪ್ಪತ್ತು ಅಡಿ ದೂರದಿಂದ ನೋಡಿದರೆ ಈ ಚಿತ್ರದಲ್ಲಿ ಅದು ಅಷ್ಟೇ ಜಾಗ ಹಿಡಿಯುತ್ತದೆ. ಸಭೆಯ ಮುಂದಿನ ಸಾಲು ಸುಮಾರು ಅಷ್ಟು ದೂರದಲ್ಲೇ ಇರುತ್ತದೆ. ಮೂರು ಅಡಿ ಇಟ್ಟರೆ ಅಂಗಡಿ ರೈಲು ಡಬ್ಬಿಯಂತೆ ಉದ್ದವಾಗುತ್ತದೆ.

ಬಲಗಡೆಗೆ ಇನ್ನೊಮ್ಮೆ ಓರೆಗೆರೆ ಬೇಡ. ಎಡದ ಪ್ರತಿ ಗೆರೆಯ ಬುಡದಿಂದ ಅಡ್ಡಕ್ಕೆ, ದಿಗಂತಕ್ಕೆ ಸಮಾನಾಂತರವಾಗಿ ನೂಲು ಎಳೆದು ಬಲದ ಬುಡದ ನೂಲಿಗೆ ತಾಗಿಸಿ. ತಾಗಿದ ಜಾಗವೇ ಎದುರು ಅಂಗಡಿಯ ಗೆರೆ. ಮೊದಲನೆಯದು 13 ಅಡಿ 5 ಇಂಚಿಗೆ, ಎರಡನೆಯದು ಸರಿಯಾಗಿ 12ಕ್ಕೆ, ಐದನೆಯದು 10ಕ್ಕೆ ಬರುತ್ತದೆ. ಬಾರದಿದ್ದರೆ ಎಲ್ಲೋ ಮೊಳೆ ಸಡಿಲವಾಗಿದೆ.

ಉಳಿದ ಎಲ್ಲ ಗೆರೆಗಳಿಗೂ ಒಂದೇ ಪರೀಕ್ಷೆ ಮಾಡಿ. ನಿಂತದ್ದು ನೆಟ್ಟಗೆ, ಬೀದಿಗೆ ಅಡ್ಡವಾದದ್ದು ಅಡ್ಡಕ್ಕೆ, ದೂರ ಹೋಗುವುದು ಮೊಳೆಗೆ. ಜಗಲಿಯ ಮೆಟ್ಟಿಲಿನ ಒಂದು ಗೆರೆ ಈ ಮೂರರಲ್ಲಿ ಯಾವುದಕ್ಕೂ ಸೇರದಿದ್ದರೆ ಅದು ತಪ್ಪು ಗೆರೆ.

ಐದು ಅಂಗಡಿಗಳ ಆಚೆ ನಡುವೆ ಐದು ಅಡಿ ಚಿಲ್ಲರೆ ತೆರಪು ಉಳಿಯುತ್ತದೆ. ದಾರಿಯನ್ನು ಮೊಳೆಯವರೆಗೆ ಸೂಜಿಯಂತೆ ಚೂಪಾಗಿ ಬರೆದರೆ ಕಣ್ಣು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲೊಂದು ಅಶ್ವತ್ಥದ ಕಟ್ಟೆ ಬರೆದು ದಾರಿಯನ್ನು ಅದರ ಹಿಂದೆ ತಿರುಗಿಸಿಬಿಡಿ. ಈ ಮರ, ಅದರ ಹಿಂದಿನ ಕಂಗು, ಗುಡ್ಡೆ, ಇವನ್ನು ಹಾಳೆಯಿಂದ ಚೌಕ ನೋಡಿ ಕೈಯಲ್ಲೇ ಬರೆಯಬಹುದು. ಮಕ್ಕಳಿಗೆ ಕೊಡಲು ಒಳ್ಳೆಯ ಕೆಲಸ ಇದು. ಬೀದಿಯಲ್ಲಿ ನಡೆಯುವ ಜನ ಬೇಕಿದ್ದರೆ, ಪಾದ ಎಲ್ಲೇ ಇರಲಿ, ಮಕ್ಕಳ ಕಣ್ಣು ದಿಗಂತದ ಮೇಲಿರಬೇಕು. ದೊಡ್ಡವರಿಗೆ ದಿಗಂತ ಎದೆಯ ಮಟ್ಟಕ್ಕೆ ಬರುತ್ತದೆ.

ಬೋರ್ಡಿನ ಅಕ್ಷರ

ಬಲಗಡೆಯ ಮೊದಲ ಕಟ್ಟಡವನ್ನು ನಾನು ಟೆರೇಸಿನದಾಗಿ ಬರೆಯುತ್ತೇನೆ. ಮಾಡಿಲ್ಲದಿದ್ದರೆ 7 ಮತ್ತು 8ರ ನೂಲುಗಳ ನಡುವೆ ಗೋಡೆಯ ಮೇಲೆ ಬೋರ್ಡಿಗೆ ಜಾಗ ಸಿಗುತ್ತದೆ. ಅಲ್ಲಿ "ಬಟ್ಟೆ ಅಂಗಡಿ" ಎಂದು ಬರೆಯೋಣ. ಬಲದ ಸಾಲಿನಲ್ಲಿ ಅಂಗಡಿಯ ಎಡತುದಿಯೇ ದೂರದ ತುದಿ. ಆದ್ದರಿಂದ "ಬ" ಚಿಕ್ಕದಾಗಿ ಆರಂಭವಾಗಿ "ಡಿ" ದೊಡ್ಡದಾಗಿ ಮುಗಿಯಬೇಕು. ಎಡಸಾಲಿನಲ್ಲಿ ಇದು ತಿರುಗುಮುರುಗು. ಅಕ್ಷರದ ತಲೆಗೂ ಪಾದಕ್ಕೂ ಒಂದೊಂದು ನೂಲು ಮೊಳೆಯಿಂದ ಹೊಡೆಯಿರಿ. ಆದರೆ ಕನ್ನಡಕ್ಕೆ ಎರಡು ನೂಲು ಸಾಲದು. "ಟ್ಟೆ"ಯ ಒತ್ತು ಪಾದದ ಗೆರೆಯಿಂದ ಕೆಳಗಿಳಿಯುತ್ತದೆ, ಅದಕ್ಕೆ ಮೂರನೆಯ ನೂಲು ಬೇಕು. ಅದನ್ನು ಬಿಟ್ಟರೆ ಒತ್ತಕ್ಷರ ಬೋರ್ಡಿನ ಹೊರಗೆ ನೇತಾಡುತ್ತದೆ. ಕೆಳಗೆ ಮಲಯಾಳವನ್ನೂ ಸೇರಿಸಿದರೆ ಇದು ಕಾಸರಗೋಡಿನ ಅಂಗಡಿಯೇ ಎಂದು ಯಾರಿಗೂ ಹೇಳಬೇಕಾಗಿಲ್ಲ. ಆಗ ಕನ್ನಡದ ಸಾಲನ್ನು ಅರ್ಧಕ್ಕೆ ಇಳಿಸಿ.

ಬಣ್ಣ

ನಾಲ್ಕು ಲೀಟರ್ ಬಿಳಿ ಎಮಲ್ಶನ್, ಅದಕ್ಕೆ ಬೆರೆಸಲು ಹಳದಿ, ಕಾವಿ ಕೆಂಪು, ನೀಲಿ, ಹಸಿರು, ಕಪ್ಪು ಸ್ಟೇನರ್ ಬಾಟಲಿಗಳು. ಇನಾಮಲ್ ಬೇಡ, ಅದು ಹೊಳೆಯುತ್ತದೆ, ಸುತ್ತಿಟ್ಟಾಗ ಬಿರುಕು ಬಿಡುತ್ತದೆ. ಆಕಾಶ ಮೊದಲು, ಆಮೇಲೆ ಗುಡ್ಡೆ, ಮರ, ದೂರದ ಅಂಗಡಿ, ಕೊನೆಗೆ ಹತ್ತಿರದ್ದು.

ಮುರಕಲ್ಲಿನ ಬಣ್ಣವನ್ನು ಮೂರು ಡಬ್ಬಿಯಲ್ಲಿ ಕಲಸಿ. ಒಂದರಲ್ಲಿ ಕಾವಿ ಕೆಂಪಿಗೆ ಸ್ವಲ್ಪ ಹಳದಿ, ಚಿಟಿಕೆ ಕಪ್ಪು. ಎರಡನೆಯದರಲ್ಲಿ ಅದೇ ಬಣ್ಣಕ್ಕೆ ಆಕಾಶದ ಬಣ್ಣ ಮೂರನೇ ಒಂದು ಪಾಲು. ಮೂರನೆಯದರಲ್ಲಿ ಅರ್ಧಕ್ಕರ್ಧ. ಮೊದಲ ಅಂಗಡಿಗೆ ಮೊದಲ ಡಬ್ಬಿ, ನಡುವಿನ ಎರಡಕ್ಕೆ ಎರಡನೆಯದು, ಕೊನೆಯ ಎರಡಕ್ಕೆ ಮೂರನೆಯದು. ಬರೀ ಬಿಳಿ ಬೆರೆಸಿ ತೆಳುಮಾಡಿದರೆ ಗೋಡೆ ಗುಲಾಬಿಯಾಗುತ್ತದೆ, ದೂರ ಹೋಗುವುದಿಲ್ಲ. ಕಲ್ಲಿನ ಸಾಲುಗಳ ಗೆರೆಯೂ ಮೊಳೆಗೇ ಹೋಗಬೇಕು. ಮೊದಲ ಅಂಗಡಿಯಲ್ಲಿ ಏಳೆಂಟು ಸಾಲು ಸ್ಪಷ್ಟವಾಗಿ, ಎರಡನೆಯದರಲ್ಲಿ ಅಲ್ಲಲ್ಲಿ, ಮೂರನೆಯದರಿಂದಾಚೆಗೆ ಒಂದೂ ಬೇಡ.

ಬಿಸಿಲು ಒಂದೇ ಕಡೆಯಿಂದ ಬರಲಿ. ಎಡದಿಂದ ಎಂದುಕೊಂಡರೆ ಎಡಸಾಲಿನ ಮುಖ ನೆರಳಲ್ಲಿ, ಬಲಸಾಲಿನದು ಬಿಸಿಲಲ್ಲಿ. ನೆರಳನ್ನು ಬರೀ ಕಪ್ಪಿನಿಂದ ಹಾಕಬೇಡಿ, ವೇದಿಕೆಯ ಹಳದಿ ಲೈಟಿಗೆ ಅದು ಮಸಿಯಂತೆ ಕಾಣುತ್ತದೆ. ಕಾವಿಗೆ ನೀಲಿ ಬೆರೆಸಿ ನೆರಳು ಮಾಡಿ. ಕಂಗಿನ ಹಸಿರು ಕೂಡ ಆ ಲೈಟಿಗೆ ಕಪ್ಪಿಡುತ್ತದೆ, ಹಗಲಲ್ಲಿ ಹೆಚ್ಚಾಯಿತು ಎನಿಸುವಷ್ಟು ಹಳದಿ ಅದಕ್ಕೆ ಬೇಕು. ದಿನಕ್ಕೆರಡು ಬಾರಿ ಮೂವತ್ತು ಅಡಿ ಹಿಂದೆ ಹೋಗಿ ಕಣ್ಣು ಅರೆಮುಚ್ಚಿ ನೋಡಿ, ಅಥವಾ ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಹತ್ತಿರದ ಅಂಗಡಿಗೂ ದೂರದ್ದಕ್ಕೂ ಫೋಟೋದಲ್ಲಿ ವ್ಯತ್ಯಾಸ ಕಾಣದಿದ್ದರೆ ದೂರದ್ದರ ಮೇಲೆ ಆಕಾಶದ ಬಣ್ಣವನ್ನು ನೀರು ಮಾಡಿ ಇನ್ನೊಂದು ಕೈ ಎಳೆಯಿರಿ.

ಕಟ್ಟುವಾಗ

ಪರದೆಯ ಬುಡ ವೇದಿಕೆಯ ಹಲಗೆಗೆ ತಾಗಿಯೇ ಇರಬೇಕು. ಒಮ್ಮೆ ನಮ್ಮ ಪರದೆಯನ್ನು ಒಂದಡಿ ಮೇಲೆ ಕಟ್ಟಿಬಿಟ್ಟಿದ್ದರು. ದಿಗಂತ ಐದು ಅಡಿಗೆ ಏರಿ, ಮಕ್ಕಳೆಲ್ಲ ಬೀದಿಯ ಪಕ್ಕದ ಹೊಂಡದಲ್ಲಿ ನಿಂತಂತೆ ಕಂಡರು. ಹಗ್ಗ ಇಳಿಸುವಷ್ಟು ಹೊತ್ತಿಗೆ ಪ್ರಾರ್ಥನೆ ಶುರುವಾಗಿತ್ತು.

ಏಕಬಿಂದು ಚಿತ್ರಕ್ಕೆ ಎರಡು ಮಿತಿಗಳಿವೆ, ಅವನ್ನು ಬಣ್ಣದಿಂದ ಸರಿಮಾಡಲು ಆಗುವುದಿಲ್ಲ. ಸಭೆಯ ತೀರಾ ಬದಿಯಲ್ಲಿ ಕೂತವರಿಗೆ ಬೀದಿ ಸೊಟ್ಟವಾಗಿಯೇ ಕಾಣುತ್ತದೆ. ಇನ್ನೊಂದು, ನಾಲ್ಕು ಅಡಿಯ ಹುಡುಗ ನಡುವಿನಲ್ಲಿ ಪರದೆಗೆ ಒರಗಿ ನಿಂತರೆ ಐದನೇ ಅಂಗಡಿಯ ಬಾಗಿಲು ಅವನ ಎತ್ತರದ ಸುಮಾರು ಅರ್ಧದಷ್ಟೇ ಇರುತ್ತದೆ, ಬೀದಿ ಆ ಕ್ಷಣವೇ ಬರೀ ಬಟ್ಟೆಯಾಗುತ್ತದೆ. ರಿಹರ್ಸಲ್ ದಿನವೇ ಪರದೆಯಿಂದ ನಾಲ್ಕು ಅಡಿ ಮುಂದೆ ಹಲಗೆಯ ಮೇಲೆ ಸುಣ್ಣದ ಗೆರೆ ಎಳೆದು, ಅದರ ಹಿಂದಕ್ಕೆ ಕಾಲಿಡಬಾರದೆಂದು ಮಕ್ಕಳಿಗೆ ಅಭ್ಯಾಸ ಮಾಡಿಸಿ. ಅಂಗಡಿಯೊಳಗೆ ಹೋಗುವ ಪಾತ್ರವಿದ್ದರೆ ಅವನು ಪರದೆಯ ಬದಿಯಿಂದ, ಮೊದಲ ಅಂಗಡಿಯ ಅಂಚಿನಿಂದ ಹೋಗಲಿ. ಅಳತೆ ನಿಜವಾಗಿರುವುದು ಅಲ್ಲಿ ಮಾತ್ರ.